ಒಂದೇ ರಾಗಿ, ನಾಲ್ಕು ಲೆಕ್ಕ

ನೂರು ಗ್ರಾಂ ರಾಗಿಯಲ್ಲಿ ಎಷ್ಟು ಕ್ಯಾಲೊರಿ ಇದೆ ಎಂದು ಯಾರಾದರೂ ಕೇಳಿದರೆ, ‘ಯಾವ ಪುಸ್ತಕದ ಪ್ರಕಾರ?’ ಎಂದು ತಿರುಗಿ ಕೇಳಬೇಕಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೆಯ ಆಹಾರ ಕೋಷ್ಟಕದಲ್ಲಿ 328 ಎಂದಿದೆ. ಅದೇ ಸಂಸ್ಥೆ 2017ರಲ್ಲಿ ಹೊರತಂದ ಹೊಸ ಕೋಷ್ಟಕದಲ್ಲಿ 1342 ಕಿಲೋಜೌಲ್ ಎಂದಿದೆ. ಕ್ಯಾಲೊರಿಗೆ ಇಳಿಸಿದರೆ ಅದು ಸುಮಾರು 321. ಅಂಗಡಿಯಿಂದ ತಂದ ರಾಗಿ ಹಿಟ್ಟಿನ ಪ್ಯಾಕೆಟ್ಟಿನ ಬೆನ್ನಿನ ಮೇಲೆ ಇವೆರಡೂ ಅಲ್ಲದ ಇನ್ನೊಂದು ಅಂಕಿ ಇದ್ದರೂ ಆಶ್ಚರ್ಯವಿಲ್ಲ.

ಹಾಗಂತ ಯಾರೂ ಸುಳ್ಳು ಬರೆದಿಲ್ಲ. ಪ್ಯಾಕೆಟ್ಟಿನ ಮೇಲಿನ ಕ್ಯಾಲೊರಿಯನ್ನು ಸಾಮಾನ್ಯವಾಗಿ ಯಾರೂ ನೇರವಾಗಿ ಅಳೆಯುವುದಿಲ್ಲ. ಪ್ರೊಟೀನ್, ಕಾರ್ಬೊಹೈಡ್ರೇಟ್, ಕೊಬ್ಬು ಎಷ್ಟೆಷ್ಟು ಗ್ರಾಂ ಎಂದು ತಿಳಿದುಕೊಂಡು ಗುಣಿಸಿ ಕೂಡುತ್ತಾರೆ. ಪ್ರೊಟೀನಿಗೆ ಗ್ರಾಮಿಗೆ 4, ಕಾರ್ಬೊಹೈಡ್ರೇಟಿಗೆ 4, ಕೊಬ್ಬಿಗೆ 9. ಲೆಕ್ಕ ಇಷ್ಟೇ ಆದರೂ ಅದರೊಳಗೆ ಒಂದು ಪ್ರಶ್ನೆ ಅಡಗಿದೆ: ಆಹಾರದ ನಾರನ್ನು ಯಾವ ಸಾಲಿಗೆ ಸೇರಿಸಬೇಕು?

4, 4, 9 ಬಂದದ್ದು ಹೇಗೆ?

ಈ ಮೂರು ಅಂಕಿಗಳ ಹಿಂದೆ ಇರುವವರು ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಅಟ್‌ವಾಟರ್ (1844–1907). ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1890ರ ದಶಕದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ರೋಸಾ ಜೊತೆ ಸೇರಿ, ಒಬ್ಬ ಮನುಷ್ಯ ಕೆಲವು ದಿನ ಒಳಗೇ ಉಳಿಯಬಲ್ಲ ಮುಚ್ಚಿದ ಕೋಣೆಯೊಂದನ್ನು ಕಟ್ಟಿಸಿದರು. ಒಳಗಿರುವವನ ಮೈಯಿಂದ ಹೊರಬೀಳುವ ಶಾಖವನ್ನೂ ಅವನು ಉಸಿರಾಡಿದ ಗಾಳಿಯನ್ನೂ ಅಲ್ಲಿ ಅಳೆಯಬಹುದಿತ್ತು. ತಿಂದ ಆಹಾರದಿಂದ ದಕ್ಕುವ ಶಕ್ತಿ ಮತ್ತು ಮೈಯಿಂದ ಹೊರಬರುವ ಶಕ್ತಿ ಸರಿದೂಗುತ್ತವೆ ಎಂದು ಈ ಕೋಣೆ ತೋರಿಸಿತು.

ಗ್ರಾಮಿಗೆ ಇಷ್ಟು ಎಂಬ ಅಂಕಿಗಾಗಿ ಅಟ್‌ವಾಟರ್ ಮತ್ತೊಂದು ದಾರಿ ಹಿಡಿದರು. ಆಹಾರವನ್ನು ಆಮ್ಲಜನಕ ತುಂಬಿದ ಉಕ್ಕಿನ ಪಾತ್ರೆಯಲ್ಲಿ ಪೂರ್ತಿ ಸುಟ್ಟು, ಸುತ್ತಲಿನ ನೀರು ಎಷ್ಟು ಬಿಸಿಯಾಯಿತು ಎಂದು ನೋಡುವ ಸಾಧನಕ್ಕೆ ಬಾಂಬ್ ಕ್ಯಾಲೊರಿಮೀಟರ್ ಎಂದು ಹೆಸರು. ಒಂದು ಕಿಲೊ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವ ಶಾಖವೇ ನಾವು ರೂಢಿಯಲ್ಲಿ ಕ್ಯಾಲೊರಿ ಎನ್ನುವ ಕಿಲೋಕ್ಯಾಲೊರಿ. ಹೀಗೆ ಸುಟ್ಟಾಗ ಪ್ರೊಟೀನಿನಿಂದ ಗ್ರಾಮಿಗೆ ಸುಮಾರು 5.65, ಕಾರ್ಬೊಹೈಡ್ರೇಟಿನಿಂದ 4.15, ಕೊಬ್ಬಿನಿಂದ 9.4 ಕ್ಯಾಲೊರಿ ಸಿಗುತ್ತದೆ.

ಆದರೆ ಪಾತ್ರೆಯಲ್ಲಿ ಉರಿದದ್ದೆಲ್ಲ ಹೊಟ್ಟೆಯಲ್ಲಿ ಉರಿಯುವುದಿಲ್ಲ. ತಿಂದದ್ದರಲ್ಲಿ ಸ್ವಲ್ಪ ಜೀರ್ಣವಾಗದೆ ಮಲದಲ್ಲಿ ಹೋಗುತ್ತದೆ. ಪ್ರೊಟೀನಿಗೆ ಇನ್ನೊಂದು ನಷ್ಟವೂ ಇದೆ. ಅದರಲ್ಲಿರುವ ಸಾರಜನಕವನ್ನು ನಮ್ಮ ದೇಹ ಪೂರ್ತಿ ಸುಡಲಾರದೆ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಹಾಗಾಗಿ ಅಟ್‌ವಾಟರ್ ತಂಡ ಜನರಿಗೆ ತೂಗಿದ ಊಟ ಕೊಟ್ಟು, ಅವರ ಮಲಮೂತ್ರಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಉಳಿದ ಶಕ್ತಿಯನ್ನೂ ಅಳೆಯಿತು.

ಕಳೆಯುವ ಲೆಕ್ಕ ಹೀಗಿದೆ. ಪ್ರೊಟೀನಿನ 5.65ರಲ್ಲಿ ಮೂತ್ರದ ಪಾಲು 1.25 ಕಳೆದರೆ 4.4, ಅದರಲ್ಲಿ ಮೈಗೆ ಹತ್ತುವುದು ನೂರಕ್ಕೆ 92 ಪಾಲು, ಅಂದರೆ ಸುಮಾರು 4. ಕಾರ್ಬೊಹೈಡ್ರೇಟಿನ 4.15ರಲ್ಲಿ ನೂರಕ್ಕೆ 97 ದಕ್ಕಿದರೆ ಅದೂ 4. ಕೊಬ್ಬಿನ 9.4ರಲ್ಲಿ ನೂರಕ್ಕೆ 95 ದಕ್ಕಿದರೆ ಹತ್ತಿರಹತ್ತಿರ 9. ಈ 92, 97, 95 ಎಂಬ ಪಾಲುಗಳು ಅಂದಿನ ಅಮೆರಿಕದ ಮಿಶ್ರ ಊಟದ ಸರಾಸರಿಗಳು. ಮುದ್ದೆ, ಹುರುಳಿ, ಸೊಪ್ಪು ಉಣ್ಣುವವರ ಹೊಟ್ಟೆಯನ್ನು ನೋಡಿ ಕಂಡುಕೊಂಡವಲ್ಲ.

ರಾಗಿಯ ಮೇಲೆ ಪ್ರಯೋಗ

ಈಗ ರಾಗಿಗೆ ಬರೋಣ. ಹಳೆಯ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಪ್ರೊಟೀನ್ 7.3 ಗ್ರಾಂ, ಕೊಬ್ಬು 1.3 ಗ್ರಾಂ, ಕಾರ್ಬೊಹೈಡ್ರೇಟ್ 72 ಗ್ರಾಂ. ಗುಣಿಸಿದರೆ 29.2, 11.7 ಮತ್ತು 288, ಕೂಡಿದರೆ 328.9. ಪುಸ್ತಕದ 328 ಎಲ್ಲಿಂದ ಬಂತೆಂದು ಗೊತ್ತಾಯಿತು. ಇದು ಮೊದಲನೆಯ ಲೆಕ್ಕ.

2017ರ ಕೋಷ್ಟಕದಲ್ಲಿ ಪ್ರೊಟೀನ್ 7.16, ಕೊಬ್ಬು 1.92, ಕಾರ್ಬೊಹೈಡ್ರೇಟ್ 66.82, ನಾರು 11.18 ಗ್ರಾಂ. ನಾರನ್ನು ಬಿಟ್ಟು ಲೆಕ್ಕ ಹಾಕಿದರೆ 28.6, 17.3, 267.3, ಒಟ್ಟು 313. ಇದು ಎರಡನೆಯದು.

ಕಾರ್ಬೊಹೈಡ್ರೇಟ್ 72ರಿಂದ 67ಕ್ಕೆ ಇಳಿದದ್ದಕ್ಕೆ ಮುಖ್ಯ ಕಾರಣ ನಾರು. ಕೋಷ್ಟಕಗಳಲ್ಲಿ ಕಾರ್ಬೊಹೈಡ್ರೇಟನ್ನು ಬಹುಪಾಲು ಪ್ರತ್ಯೇಕವಾಗಿ ಅಳೆಯುವುದಿಲ್ಲ. ನೂರರಿಂದ ನೀರು, ಪ್ರೊಟೀನ್, ಕೊಬ್ಬು, ಬೂದಿ, ನಾರು ಎಲ್ಲ ಕಳೆದು ಮಿಕ್ಕಿದ್ದನ್ನು ಆ ಸಾಲಿನಲ್ಲಿ ಬರೆಯುತ್ತಾರೆ. ಹಳೆಯ ಕಾಲದಲ್ಲಿ ಧಾನ್ಯವನ್ನು ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿ, ಕರಗದೆ ಉಳಿದದ್ದನ್ನು ಮಾತ್ರ ನಾರು ಎಂದು ತೂಗುತ್ತಿದ್ದರು. ಆ ಕುದಿತದಲ್ಲಿ ನಾರಿನ ದೊಡ್ಡ ಪಾಲು ಕರಗಿ ಹೋಗುತ್ತಿತ್ತು. ಹಾಗಾಗಿ ರಾಗಿಯ ನಾರು 3.6 ಗ್ರಾಂ ಎಂದು ದಾಖಲಾಯಿತು. ಲೆಕ್ಕಕ್ಕೆ ಸಿಗದ ನಾರೆಲ್ಲ ಕಾರ್ಬೊಹೈಡ್ರೇಟ್ ಸಾಲಿಗೆ ಸೇರಿ, ಗ್ರಾಮಿಗೆ 4ರಂತೆ ಕ್ಯಾಲೊರಿ ಪಡೆಯಿತು. ಈಗಿನ ವಿಧಾನದಲ್ಲಿ ಕಿಣ್ವಗಳನ್ನು ಬಳಸಿ, ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದ್ದನ್ನೆಲ್ಲ ನಾರು ಎಂದು ಹಿಡಿಯುತ್ತಾರೆ.

ಆದರೆ ನಾರಿನ ಶಕ್ತಿ ಪೂರ್ತಿ ಸೊನ್ನೆಯೂ ಅಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಿಷ್ಟನ್ನು ಹುಳಿಯಿಸಿ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ, ಅವು ಮೈಗೆ ಹತ್ತುತ್ತವೆ. ಇದಕ್ಕಾಗಿ ಗ್ರಾಮಿಗೆ 2 ಕ್ಯಾಲೊರಿ ಎಂದು ಹಿಡಿಯುವ ರೂಢಿ ಬಂದಿದೆ. ಯುರೋಪಿನ ಕಾನೂನಿನಲ್ಲಿ ಅದು ಕಡ್ಡಾಯ. 11.18 ಗ್ರಾಂ ನಾರಿಗೆ 22.4 ಸೇರಿಸಿದರೆ ನಮ್ಮ ರಾಗಿ 336ಕ್ಕೆ ಏರುತ್ತದೆ. ಇದು ಮೂರನೆಯ ಲೆಕ್ಕ.

ಅಮೆರಿಕದ ಲೇಬಲ್ಲಿನಲ್ಲಿ ‘ಒಟ್ಟು ಕಾರ್ಬೊಹೈಡ್ರೇಟ್’ ಎಂಬ ಸಾಲಿನೊಳಗೇ ನಾರೂ ಸೇರಿರುತ್ತದೆ. ಅಂದರೆ ಅಲ್ಲಿ ಇದೇ ರಾಗಿಗೆ 78 ಗ್ರಾಂ. ಅದನ್ನು ನೇರ 4ರಿಂದ ಗುಣಿಸಿದರೆ 312. ಪ್ರೊಟೀನ್, ಕೊಬ್ಬು ಕೂಡಿಸಿದರೆ 358. ಇದು ನಾಲ್ಕನೆಯದು. 313ರಿಂದ 358ರವರೆಗೆ 45 ಕ್ಯಾಲೊರಿಗಳ ಅಂತರ. ಕೊನೆಯ ಮೂರು ಲೆಕ್ಕಗಳಲ್ಲಂತೂ ಕಾಳಿನ ಅಂಕಿ ಒಂದೂ ಬದಲಾಗಿಲ್ಲ, ನಾರನ್ನು ನೋಡಿದ ರೀತಿ ಮಾತ್ರ ಬದಲಾಗಿದೆ. ನ್ಯೂಜೆರ್ಸಿಯಲ್ಲೋ ಡಬ್ಲಿನ್ನಿನಲ್ಲೋ ಇರುವ ಕನ್ನಡಿಗರು ಎರಡು ಕಡೆಯ ರಾಗಿ ಹಿಟ್ಟಿನ ಪ್ಯಾಕೆಟ್ಟುಗಳನ್ನು ಹೋಲಿಸುವಾಗ ಇದನ್ನು ನೆನಪಿಡಬೇಕು.

ಪಾಲಿಷ್ ಮಾಡಿದ ಅಕ್ಕಿಗೆ ಈ ತಕರಾರು ಅಷ್ಟಾಗಿ ಇಲ್ಲ. ಅದರಲ್ಲಿ ನಾರು 3 ಗ್ರಾಮಿಗೂ ಕಡಿಮೆ, ಯಾವ ಲೆಕ್ಕ ಹಿಡಿದರೂ ಹತ್ತು ಹನ್ನೆರಡು ಕ್ಯಾಲೊರಿಯೊಳಗೆ ಎಲ್ಲ ಮುಗಿಯುತ್ತದೆ. ನಾರು ಹೆಚ್ಚಿದಷ್ಟೂ 4-4-9ರ ಹಿಡಿತ ಸಡಿಲವಾಗುತ್ತದೆ.

ಬಾದಾಮಿ ಹೇಳಿದ ಸತ್ಯ

ಸಡಿಲವಾಗಲು ನಾರೊಂದೇ ಕಾರಣವಲ್ಲ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದವರು 2012ರಲ್ಲಿ ಬಾದಾಮಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅಟ್‌ವಾಟರ್ ಅಂಕಿಗಳ ಪ್ರಕಾರ 28 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕ್ಯಾಲೊರಿ ಇರಬೇಕು. ಅದನ್ನು ತಿಂದವರ ಮಲಮೂತ್ರಗಳನ್ನು ಪರೀಕ್ಷಿಸಿದಾಗ ಮೈಗೆ ದಕ್ಕಿದ್ದು 129 ಮಾತ್ರ ಎಂದು ಕಂಡಿತು. ಬಾದಾಮಿಯ ಎಣ್ಣೆ ಗಟ್ಟಿ ಜೀವಕೋಶಗಳ ಗೋಡೆಯೊಳಗೆ ಕೂತಿರುತ್ತದೆ. ಹಲ್ಲಿಗೆ ಸಿಕ್ಕಿ ಒಡೆಯದ ಕೋಶಗಳು ಎಣ್ಣೆಯ ಸಮೇತ ಹಾಗೆಯೇ ಹೊರಗೆ ಹೋಗುತ್ತವೆ. ಗ್ರಾಮನ್ನು 9ರಿಂದ ಗುಣಿಸುವ ಲೆಕ್ಕಕ್ಕೆ ಈ ಗೋಡೆ ಕಾಣುವುದಿಲ್ಲ.

ಮುದ್ದೆಯೋ ರೊಟ್ಟಿಯೋ?

ಮನೆಯಲ್ಲಿ ಲೆಕ್ಕ ಹಾಕುವವರು ಎಡವುವುದು ಹೆಚ್ಚಾಗಿ ಇನ್ನೊಂದು ಕಡೆ: ತೂಕವನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬಲ್ಲಿ. ಕೋಷ್ಟಕದ ಅಂಕಿ ಒಣ ರಾಗಿಯದು. ನೂರು ಗ್ರಾಂ ಹಿಟ್ಟಿಗೆ ನೀರು ಸೇರಿ ಮುದ್ದೆ 280 ಗ್ರಾಂ ತೂಗಿತು ಎಂದಿಟ್ಟುಕೊಳ್ಳಿ. ನೀರಿಗೆ ಕ್ಯಾಲೊರಿ ಇಲ್ಲ, ಆದ್ದರಿಂದ ಇಡೀ ಮುದ್ದೆಯಲ್ಲಿರುವುದು ಆ ಹಿಟ್ಟಿನ 320 ಚಿಲ್ಲರೆ ಮಾತ್ರ. ನೂರು ಗ್ರಾಂ ಮುದ್ದೆಗೆ ಸುಮಾರು 115. ಬೆಂದ ಮುದ್ದೆಯನ್ನು ತಕ್ಕಡಿಯಲ್ಲಿಟ್ಟು ಕೋಷ್ಟಕದ 321ರಿಂದ ಲೆಕ್ಕ ಹಾಕಿದರೆ ಉತ್ತರ 900ರ ಹತ್ತಿರ ಹೋಗುತ್ತದೆ.

ಅದೇ ಹಿಟ್ಟಿನಿಂದ ರೊಟ್ಟಿ ತಟ್ಟಿ, ಹಾಕುವ ಎಣ್ಣೆ ಒಟ್ಟು 15 ಗ್ರಾಂ ಆಯಿತೆನ್ನಿ. ಎಣ್ಣೆ ಪೂರ್ತಿ ಕೊಬ್ಬು. 15ನ್ನು 9ರಿಂದ ಗುಣಿಸಿದರೆ 135. ಹಿಟ್ಟಿನ 321 ಈಗ 456 ಆಯಿತು. ನಾರಿನ ವಿಷಯದಲ್ಲಿ ಪಂಡಿತರು ವಾದಿಸುವ 45 ಕ್ಯಾಲೊರಿಯ ಮೂರು ಪಟ್ಟನ್ನು ಕಾವಲಿಯ ಎಣ್ಣೆ ಸದ್ದಿಲ್ಲದೆ ಸೇರಿಸಿಬಿಡುತ್ತದೆ. ಆದ್ದರಿಂದ ಅಡುಗೆಮನೆಯಲ್ಲಿ ಮೊದಲು ತೂಗಬೇಕಾದದ್ದು ಎಣ್ಣೆ.

ಲೇಬಲ್ ಪರೀಕ್ಷಿಸುವ ಬಗೆ

ಪ್ಯಾಕೆಟ್ಟಿನ ಮೇಲೆ ನೂರು ಗ್ರಾಮಿಗೆ ಕೊಟ್ಟ ಮೂರು ಅಂಕಿಗಳನ್ನು ತೆಗೆದುಕೊಂಡು 4, 4, 9ರಿಂದ ಗುಣಿಸಿ ಕೂಡಿ. ಅಚ್ಚಾದ ಶಕ್ತಿಯ ಅಂಕಿಗೂ ನಿಮ್ಮದಕ್ಕೂ ಎರಡು ಮೂರರ ವ್ಯತ್ಯಾಸ ಬಂದರೆ ಅದು ದಶಮಾಂಶ ಬಿಟ್ಟದ್ದರ ಪರಿಣಾಮ. ಅಂತರ ಹೆಚ್ಚಿದ್ದು, ನಾರಿನ ಸಾಲು ಇದ್ದರೆ ಅದನ್ನು ನೋಡಿ. ನಿಮ್ಮ ಉತ್ತರ ಕಡಿಮೆಯಿದ್ದು ಆ ಕೊರತೆ ನಾರಿನ ಎರಡರಷ್ಟಿದ್ದರೆ, ಅವರು ನಾರಿಗೆ 2 ಕೊಟ್ಟು ಬೇರೆಯಾಗಿ ಸೇರಿಸಿದ್ದಾರೆ. ನಿಮ್ಮ ಉತ್ತರ ಹೆಚ್ಚಿದ್ದು ಆ ಹೆಚ್ಚಳ ನಾರಿನ ಎರಡರಷ್ಟೋ ನಾಲ್ಕರಷ್ಟೋ ಇದ್ದರೆ, ನಾರು ಕಾರ್ಬೊಹೈಡ್ರೇಟಿನ ಸಾಲಿನೊಳಗೇ ಕೂತಿದೆ, ಶಕ್ತಿಯ ಲೆಕ್ಕದಲ್ಲಿ ಮಾತ್ರ ಅದಕ್ಕೆ ಕಡಿಮೆ ಕೊಟ್ಟಿದ್ದಾರೆ. ‘ಸಕ್ಕರೆ ರಹಿತ’ ಬಿಸ್ಕತ್ತುಗಳಲ್ಲಿ ಮಾಲ್ಟಿಟಾಲ್‌ನಂಥ ಸಿಹಿ ಇದ್ದರೂ ನಿಮ್ಮ ಉತ್ತರ ಹೆಚ್ಚು ಬರುತ್ತದೆ. ಅಂಥವಕ್ಕೆ ಯುರೋಪಿನ ನಿಯಮದಲ್ಲಿ ಗ್ರಾಮಿಗೆ 2.4 ಮಾತ್ರ. ಇವಾವುದರಿಂದಲೂ ವಿವರಿಸಲಾಗದಷ್ಟು ದೊಡ್ಡ ಅಂತರವಿದ್ದರೆ ಲೇಬಲ್ಲಿನಲ್ಲಿ ಯಾವುದೋ ಒಂದು ಅಂಕಿ ತಪ್ಪಿದೆ ಎಂದೇ ಅರ್ಥ.

4-4-9 ಒಳ್ಳೆಯ ಸರಾಸರಿ. ಇಡೀ ದಿನದ ಊಟಕ್ಕೆ ಅದು ಸಾಕು. ಒಂದು ಹಿಡಿ ಬಾದಾಮಿಗೆ ಅಥವಾ ಒಂದು ಮುದ್ದೆಗೆ ಒಂಟಿಯಾಗಿ ಹಚ್ಚಿದಾಗ ನೂರಕ್ಕೆ ಹತ್ತೋ ಹದಿನೈದೋ, ಬಾದಾಮಿಯಲ್ಲಿ ಇನ್ನೂ ಹೆಚ್ಚೋ ತಪ್ಪಬಹುದು. 321ರ ಕೊನೆಯ ಆ ಒಂದನ್ನು ನಂಬಿ ಊಟ ಅಳೆಯಬೇಡಿ; 300 ಚಿಲ್ಲರೆ ಎಂದು ಓದಿಕೊಂಡರೆ ಮೋಸವಿಲ್ಲ.