ಶಿಫ್ಟ್ ಸೂಪರ್‌ವೈಸರ್‌ಗೆ ಏನೇನು ಬರಬೇಕು?

ಮಾರ್ಚ್ ಬಂತೆಂದರೆ ಕಂಪನಿಗಳಲ್ಲಿ ಅಪ್ರೈಸಲ್ ಫಾರಂ ತುಂಬುವ ಕೆಲಸ ಶುರುವಾಗುತ್ತದೆ. ‘ನಾಯಕತ್ವ’, ‘ಮುತುವರ್ಜಿ’, ‘ಗುಣಮಟ್ಟದ ಕಾಳಜಿ’ ಎಂಬ ಸಾಲುಗಳ ಮುಂದೆ ಐದಕ್ಕೆ ಮೂರೋ ನಾಲ್ಕೋ ಅಂಕ ಬೀಳುತ್ತದೆ. ‘ಮೂರು ಯಾಕೆ ಸಾರ್?’ ಎಂದು ಕೇಳಿದರೆ ಅಂಕ ಕೊಟ್ಟವರ ಬಳಿಯೂ ಉತ್ತರವಿರುವುದಿಲ್ಲ. ಅದೇ ಹುದ್ದೆಗೆ ಜನ ತೆಗೆದುಕೊಳ್ಳುವಾಗ ಕೇಳಿದ್ದು ಬೇರೆಯೇ: ಡಿಪ್ಲೊಮಾದಲ್ಲಿ ಎಷ್ಟು ಪರ್ಸೆಂಟ್, ಎಷ್ಟು ವರ್ಷ ಅನುಭವ, ಸಂಬಳ ಎಷ್ಟು ಬೇಕು. ಆರಿಸುವುದಕ್ಕೂ ವರ್ಷದ ಕೊನೆಗೆ ಅಂಕ ಕೊಡುವುದಕ್ಕೂ ಒಂದೇ ಅಳತೆ ಇರಲಿ ಎಂದು ಕಂಪನಿಗಳು ಮಾಡಿಕೊಳ್ಳುವುದೇ ಕಾಂಪಿಟೆನ್ಸಿ ಫ್ರೇಮ್‌ವರ್ಕ್, ಅಂದರೆ ಸಾಮರ್ಥ್ಯಗಳ ಚೌಕಟ್ಟು.

ಇದರ ಹಿಂದಿನ ವಿಚಾರವನ್ನು ಗಟ್ಟಿಯಾಗಿ ಮುಂದಿಟ್ಟವರು ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್. ಬುದ್ಧಿಮತ್ತೆಯ ಪರೀಕ್ಷೆಗಿಂತ ಕೆಲಸದ ಸಾಮರ್ಥ್ಯವನ್ನೇ ಪರೀಕ್ಷಿಸಬೇಕೆಂದು ಅವರು 1973ರಲ್ಲಿ ಬರೆದರು. ವಿದೇಶಗಳಲ್ಲಿ ಕೆಲಸ ಮಾಡುವ ಅಮೆರಿಕದ ಮಾಹಿತಿ ಅಧಿಕಾರಿಗಳನ್ನು ಅವರ ತಂಡ ಅಭ್ಯಾಸ ಮಾಡಿತ್ತು. ತುಂಬ ಚೆನ್ನಾಗಿ ಕೆಲಸ ಮಾಡುವವರನ್ನೂ ಸಾಧಾರಣ ಮಟ್ಟದವರನ್ನೂ ಬೇರೆ ಬೇರೆಯಾಗಿ ಕೂರಿಸಿ, ನಡೆದ ಘಟನೆಗಳನ್ನೇ ಹೇಳಿಸಿ, ಇಬ್ಬರ ನಡವಳಿಕೆಯಲ್ಲಿ ವ್ಯತ್ಯಾಸವೆಲ್ಲಿದೆ ಎಂದು ಹುಡುಕಿತ್ತು. ಮಧ್ಯಮ ಗಾತ್ರದ ಕಂಪನಿಯೊಂದು ಇಂದಿಗೂ ಮಾಡಬೇಕಾದದ್ದು ಇದನ್ನೇ. ಕನ್ಸಲ್ಟೆಂಟ್ ತಂದುಕೊಡುವ ಮೂವತ್ತು ಗುಣಗಳ ಸಿದ್ಧಪಟ್ಟಿಯಿಂದ ಈ ಕೆಲಸ ಆಗುವುದಿಲ್ಲ.

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಮುನ್ನೂರು ಜನರ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಎಲ್ಲ ಹುದ್ದೆಗಳಿಗೂ ಒಟ್ಟಿಗೆ ಕೈಹಾಕಿದರೆ ಕೆಲಸ ಕಾಗದದಲ್ಲೇ ಮುಗಿಯುತ್ತದೆ. ಹೆಚ್ಚು ಜನರ ಮೇಲೆ ಪರಿಣಾಮ ಬೀರುವ ಒಂದು ಹುದ್ದೆಯಿಂದ ಶುರು ಮಾಡುವುದು ಒಳ್ಳೆಯದು. ಇಲ್ಲಿ ಅದು ಶಿಫ್ಟ್ ಸೂಪರ್‌ವೈಸರ್. ಅಂಥವರು ಹದಿನಾಲ್ಕು ಜನ ಇದ್ದಾರೆ. ಅವರಲ್ಲಿ ಚೆನ್ನಾಗಿ ಕೆಲಸ ಮಾಡುವವರು ಯಾರು ಎಂಬುದನ್ನು ಮ್ಯಾನೇಜರ ಮೆಚ್ಚುಗೆಯ ಮೇಲೆ ಬಿಡುವಂತಿಲ್ಲ. ರಿಜೆಕ್ಷನ್, ತಡವಾದ ಡಿಸ್ಪ್ಯಾಚ್, ಕೈಕೆಳಗಿನ ಆಪರೇಟರ್‌ಗಳು ಕೆಲಸ ಬಿಟ್ಟದ್ದು, ಇವುಗಳ ದಾಖಲೆ ನೋಡಬೇಕು. ಹಳೆಯ ಯಂತ್ರಗಳ ಸಾಲು ನೋಡಿಕೊಳ್ಳುವವನನ್ನು ಹೊಸ ಯಂತ್ರಗಳವನ ಜೊತೆ ಹೋಲಿಸದಂತೆ ಎಚ್ಚರವನ್ನೂ ವಹಿಸಬೇಕು.

ಆಮೇಲೆ ನಾಲ್ಕು ಜನ ಉತ್ತಮರು, ನಾಲ್ಕು ಜನ ಸಾಧಾರಣ ಮಟ್ಟದವರು, ಒಬ್ಬೊಬ್ಬರ ಜೊತೆ ಒಂದೂವರೆ ಗಂಟೆ ಮಾತು. ಯಾರು ಯಾವ ಗುಂಪು ಎಂಬುದು ಮಾತಾಡಿಸುವವರಿಗೆ ಗೊತ್ತಿರಬಾರದು; ಗೊತ್ತಿದ್ದರೆ ಉತ್ತಮನ ಬಾಯಿಂದ ಉತ್ತಮ ಮಾತೇ ಕೇಳಿಸುತ್ತದೆ. ‘ಒಳ್ಳೆಯ ಸೂಪರ್‌ವೈಸರ್ ಹೇಗಿರಬೇಕು?’ ಎಂದು ಕೇಳಿದರೆ ಉಪದೇಶ ಸಿಗುತ್ತದೆ. ಹಾಗಾಗಿ ಇತ್ತೀಚೆಗೆ ಚೆನ್ನಾಗಿ ನಿಭಾಯಿಸಿದ ಒಂದು ಸಂದರ್ಭ, ಕೈಮೀರಿ ಹೋದ ಒಂದು ಸಂದರ್ಭ ಕೇಳಬೇಕು. ನಮ್ಮವರು ಸೌಜನ್ಯಕ್ಕೆ ‘ಮಷಿನ್ ನಿಲ್ಲಿಸಿದ್ವಿ ಸಾರ್’ ಎನ್ನುತ್ತಾರೆ. ‘ನಿಲ್ಲಿಸಿ ಅಂತ ಹೇಳಿದ್ದು ಯಾರು? ನೀವು ಆಗ ಎಲ್ಲಿದ್ರಿ? ಏನು ನೋಡಿ ಹಾಗೆ ಹೇಳಿದ್ರಿ?’ ಎಂದು ಕೆದಕದಿದ್ದರೆ ಆ ‘ವಿ’ಯೊಳಗೆ ಯಾರು ಏನು ಮಾಡಿದರು ಎಂಬುದು ಹೊರಗೆ ಬರುವುದೇ ಇಲ್ಲ.

ಹೀಗೆ ಹೊರಬರುವ ಒಂದು ಘಟನೆ ನೋಡಿ. ರಾತ್ರಿ ಪಾಳಿ. ಸಿ.ಎನ್.ಸಿ. ಯಂತ್ರದಲ್ಲಿ ಕೊರೆಯುವ ರಂಧ್ರದ ವ್ಯಾಸ 40.000ರಿಂದ 40.025 ಮಿಲಿಮೀಟರ್ ಒಳಗಿರಬೇಕು. ತಪಾಸಣೆಯಲ್ಲಿ 40.014, ಆಮೇಲೆ 40.009, ಆಮೇಲೆ 40.005 ಬಂದಿದೆ. ಮೂರೂ ಮಿತಿಯೊಳಗೇ ಇವೆ. ಸಾಧಾರಣ ಸೂಪರ್‌ವೈಸರ್ ಸಹಿ ಹಾಕಿ ಮುಂದೆ ಹೋಗುತ್ತಾನೆ. ಉತ್ತಮನು ಅಂಕಿಗಳು ಒಂದೇ ದಿಕ್ಕಿಗೆ ಇಳಿಯುತ್ತಿರುವುದನ್ನು ಗಮನಿಸುತ್ತಾನೆ. ಟೂಲ್ ಸವೆದಂತೆ ರಂಧ್ರ ಸಣ್ಣದಾಗುತ್ತದೆಂದು ಅವನಿಗೆ ಗೊತ್ತು. ಯಂತ್ರ ನಿಲ್ಲಿಸಿ ಇನ್ಸರ್ಟ್ ಬದಲಿಸುತ್ತಾನೆ, ಹಿಂದಿನ ತಪಾಸಣೆಯ ನಂತರ ಬಂದ ಪೀಸುಗಳನ್ನು ಬೇರೆ ಟ್ರೇಗೆ ಹಾಕಿಸುತ್ತಾನೆ, ಬೆಳಿಗ್ಗೆ ಬರುವ ಸೂಪರ್‌ವೈಸರನ್ನು ಆ ಯಂತ್ರದ ಹತ್ತಿರಕ್ಕೇ ಕರೆದೊಯ್ದು ವಿಷಯ ಹೇಳುತ್ತಾನೆ.

ಇಂಥ ಘಟನೆ ಉತ್ತಮರ ಮಾತಿನಲ್ಲಿ ಮತ್ತೆ ಮತ್ತೆ ಬಂದು, ಉಳಿದವರ ಮಾತಿನಲ್ಲಿ ಅಪರೂಪವಾದರೆ ಅದೊಂದು ಸಾಮರ್ಥ್ಯ. ‘ಗುಣಮಟ್ಟದ ಕಾಳಜಿ’ ಎನ್ನುವ ಬದಲು ‘ದೋಷವಾಗುವ ಮೊದಲೇ ಹಿಡಿಯುವುದು’ ಎಂದು ಅದಕ್ಕೆ ಹೆಸರಿಟ್ಟು, ಕಣ್ಣಿಗೆ ಕಾಣುವ ನಡವಳಿಕೆಯಲ್ಲೇ ಮಟ್ಟಗಳನ್ನು ಬರೆಯಬೇಕು. ಮೊದಲ ಮಟ್ಟದವನು ಇನ್‌ಸ್ಪೆಕ್ಟರ್ ರಿಜೆಕ್ಟ್ ಮಾಡಿದ ಮೇಲೆ ಯಂತ್ರ ನಿಲ್ಲಿಸುತ್ತಾನೆ. ಎರಡನೆಯವನು ತಾನೇ ಕಂಡುಹಿಡಿದು ಸರಿಪಡಿಸುತ್ತಾನೆ, ಆದರೆ ಹಿಂದಿನ ಪೀಸುಗಳನ್ನು ಬೇರ್ಪಡಿಸುವುದಿಲ್ಲ. ಮೂರನೆಯವನು ಮೇಲೆ ಹೇಳಿದ್ದನ್ನೆಲ್ಲ ಮಾಡುತ್ತಾನೆ. ನಾಲ್ಕನೆಯವನು ಇದು ಪದೇ ಪದೇ ಯಾಕಾಗುತ್ತದೆಂದು ಹುಡುಕಿ, ಟೂಲ್ ಬದಲಿಸುವ ಅವಧಿಯನ್ನು ಎಲ್ಲ ಪಾಳಿಗಳಿಗೂ ತಿದ್ದಿಸುತ್ತಾನೆ. ಸೂಪರ್‌ವೈಸರ್‌ಗೆ ಮೂರನೆಯ ಮಟ್ಟ ಸಾಕು, ನಾಲ್ಕನೆಯದು ಪ್ರೊಡಕ್ಷನ್ ಮ್ಯಾನೇಜರ್‌ಗೆ ಬೇಕು. ಎಲ್ಲರಿಂದಲೂ ಮೇಲಿನ ಮಟ್ಟವನ್ನೇ ಬಯಸುವುದು ಹುದ್ದೆಯನ್ನು ಅರ್ಥಮಾಡಿಕೊಳ್ಳದವರ ಕೆಲಸ. ಒಂದು ಹುದ್ದೆಗೆ ಆರು ಸಾಮರ್ಥ್ಯಗಳನ್ನು ಹೀಗೆ ಬರೆದರೆ ಸಾಕಾಗುತ್ತದೆ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಸ್ಮಿತ್ ಮತ್ತು ಕೆಂಡಾಲ್ ಎಂಬ ಸಂಶೋಧಕರು 1963ರಲ್ಲಿ ನರ್ಸ್‌ಗಳ ಕೆಲಸದ ಮೇಲೆ ಮಾಡಿ ತೋರಿಸಿದ ಉಪಾಯ ಈಗಲೂ ಚೆನ್ನಾಗಿ ನಡೆಯುತ್ತದೆ. ಸಂಗ್ರಹಿಸಿದ ಘಟನೆಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಈ ಕೆಲಸದಲ್ಲಿ ಭಾಗವಹಿಸದ ಸೂಪರ್‌ವೈಸರ್‌ಗಳ ಕೈಗೆ ಕೊಡಬೇಕು. ಯಾವ ಚೀಟಿ ಯಾವ ಸಾಮರ್ಥ್ಯಕ್ಕೆ ಸೇರುತ್ತದೆಂದು ಅವರು ಒಬ್ಬೊಬ್ಬರೇ ಹೇಳಲಿ. ಒಂದೇ ಚೀಟಿಯನ್ನು ಒಬ್ಬೊಬ್ಬರು ಒಂದೊಂದು ಕಡೆ ಹಾಕಿದರೆ ಆ ಚೀಟಿಯನ್ನು ಬಿಡಬೇಕು. ಎರಡು ಸಾಮರ್ಥ್ಯಗಳ ಚೀಟಿಗಳು ಸದಾ ಕಲಸಿಹೋಗುತ್ತಿದ್ದರೆ ಅವೆರಡೂ ಒಂದೇ ಎಂದು ತಿಳಿಯಬೇಕು.

ನೇಮಕಾತಿಗೆ ಇನ್ನು ಹೊಸದೇನನ್ನೂ ಹುಡುಕಬೇಕಿಲ್ಲ. ‘ಮಾಲು ಮಿತಿಯೊಳಗೇ ಇದ್ದರೂ ನೀವು ಯಂತ್ರ ನಿಲ್ಲಿಸಿದ ಸಂದರ್ಭ ಹೇಳಿ’ ಎಂಬ ಒಂದೇ ಪ್ರಶ್ನೆಯನ್ನು ಎಲ್ಲ ಅಭ್ಯರ್ಥಿಗಳಿಗೂ ಕೇಳಿ, ಇಬ್ಬರು ಸಂದರ್ಶಕರು ಪರಸ್ಪರ ಮಾತಾಡುವ ಮೊದಲೇ ಅದೇ ನಾಲ್ಕು ಮಟ್ಟಗಳಲ್ಲಿ ಅಂಕ ಹಾಕಬೇಕು. ಬರೀ ಮಾತಿನ ಮಲ್ಲರನ್ನು ಗುರುತಿಸಲು, ಎಲ್ಲವೂ ಮಿತಿಯೊಳಗಿದ್ದು ನಿಧಾನವಾಗಿ ಇಳಿಯುವ ಹತ್ತು ಅಳತೆಗಳ ಹಾಳೆ ಕೊಟ್ಟು ‘ಈಗ ಏನು ಮಾಡ್ತೀರಿ?’ ಎಂದು ಕೇಳಬಹುದು. ಗೇಜ್ ಓದುವುದನ್ನು ಸೇರಿದ ಮೇಲೂ ಕಲಿಸಬಹುದು, ಅದಕ್ಕಾಗಿ ಯಾರನ್ನೂ ತಿರಸ್ಕರಿಸಬೇಕಿಲ್ಲ.

ಅಪ್ರೈಸಲ್ ಮಾತ್ರ ಇಷ್ಟು ಸುಲಭವಲ್ಲ, ಚೌಕಟ್ಟುಗಳು ಹೆಚ್ಚಾಗಿ ಕೆಡುವುದೂ ಇಲ್ಲೇ. ಮ್ಯಾನೇಜರ್ ವರ್ಷವಿಡೀ ತಾರೀಕು ಹಾಕಿ ಸಣ್ಣ ಟಿಪ್ಪಣಿ ಬರೆದಿಡದಿದ್ದರೆ, ಫೆಬ್ರವರಿಯಲ್ಲಿ ನಡೆದದ್ದೇ ಇಡೀ ವರ್ಷದ ಅಂಕವಾಗುತ್ತದೆ. ಪ್ರತಿ ಅಂಕದ ಪಕ್ಕದಲ್ಲಿ ಎರಡು ಘಟನೆ ಇರಲೇಬೇಕೆಂಬ ನಿಯಮ ಇದಕ್ಕೆ ಮದ್ದು. ಒಬ್ಬ ವ್ಯಕ್ತಿಗೆ ಆರೂ ಸಾಮರ್ಥ್ಯಗಳಲ್ಲಿ ಒಂದೇ ಅಂಕ ಬಂದಿದ್ದರೆ, ಅಲ್ಲಿ ಅಳೆದದ್ದು ಅವನ ಮೇಲಿನ ಒಟ್ಟು ಅಭಿಪ್ರಾಯವೇ ಹೊರತು ಸಾಮರ್ಥ್ಯವಲ್ಲ. ಹದಿನಾಲ್ಕು ಜನರೂ ಮೂರನೆಯ ಮಟ್ಟದಲ್ಲಿದ್ದು ರಿಜೆಕ್ಷನ್ ಮಾತ್ರ ಇಳಿಯದಿದ್ದರೆ ಅಂಕಗಳನ್ನು ನಂಬುವಂತಿಲ್ಲ. ಆಗ ಮ್ಯಾನೇಜರ್‌ಗಳನ್ನೆಲ್ಲ ಒಂದು ಮೇಜಿಗೆ ಕೂರಿಸಿ, ತಮ್ಮ ತಮ್ಮ ಟಿಪ್ಪಣಿಗಳನ್ನು ಓದಿಸಿ, ಒಂದೇ ತರಹದ ನಡವಳಿಕೆಗೆ ಒಂದೇ ಅಂಕ ಬೀಳುವಂತೆ ಮಾಡಬೇಕು.

ಮೊದಲ ವರ್ಷ ಈ ಅಂಕಗಳನ್ನು ಇನ್‌ಕ್ರಿಮೆಂಟ್‌ಗೆ ಜೋಡಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಣ ಬಂದೊಡನೆ ಮ್ಯಾನೇಜರ್ ತನ್ನ ಹುಡುಗರ ಸಂಬಳ ಕಾಪಾಡಲು ಅಂಕ ಏರಿಸುತ್ತಾನೆ, ಸೂಪರ್‌ವೈಸರ್ ತನ್ನ ಕೊರತೆಯನ್ನು ಮುಚ್ಚಿಡುತ್ತಾನೆ. ಮೊದಲ ವರ್ಷ ಯಾರಿಗೆ ಏನು ಕಲಿಸಬೇಕೆಂಬುದಕ್ಕಷ್ಟೇ ಅದು ಬಳಕೆಯಾಗಲಿ. ಸಂಬಳಕ್ಕೆ ಜೋಡಿಸುವಾಗಲೂ ಉತ್ಪಾದನೆಯ ಗುರಿಗೆ ಒಂದು ಅಂಕ, ಸಾಮರ್ಥ್ಯಕ್ಕೆ ಇನ್ನೊಂದು ಎಂದು ಬೇರೆಯಾಗಿಯೇ ಇಡಬೇಕು. ಗುರಿ ಮುಟ್ಟಲು ಕೆಟ್ಟ ಪೀಸು ಸಾಗಹಾಕಿದವನು ಆಗ ಮಾತ್ರ ಕಣ್ಣಿಗೆ ಬೀಳುತ್ತಾನೆ.

ಮನುಷ್ಯರದ್ದಲ್ಲದ ತಪ್ಪನ್ನು ಮನುಷ್ಯರ ಅಂಕವಾಗಿಸುವ ಅಪಾಯವೂ ಇದೆ. ರಾತ್ರಿ ಪಾಳಿಯ ಸೂಪರ್‌ವೈಸರ್‌ಗಳೆಲ್ಲರೂ ‘ಮೊದಲೇ ಹಿಡಿಯುವುದ’ರಲ್ಲಿ ಒಂದನೆಯ ಮಟ್ಟದಲ್ಲಿದ್ದರೆ, ಅವರನ್ನು ತರಬೇತಿಗೆ ಕಳಿಸುವ ಮುನ್ನ ರಾತ್ರಿ ಹೊತ್ತು ಗೇಜ್‌ಗಳಿರುವ ಕೋಣೆಯ ಬೀಗ ಯಾರ ಹತ್ತಿರ ಇರುತ್ತದೆಂದು ವಿಚಾರಿಸಬೇಕು.