ಒಗೆಯಲು 32 ನಿಮಿಷ, ಒಣಗಿಸಲು 45

ಅಮೆರಿಕಕ್ಕೆ ಓದಲು ಅಥವಾ ಕೆಲಸಕ್ಕೆ ಹೋದ ಮಕ್ಕಳು ಮೊದಲ ವಾರ ಊರಿಗೆ ಫೋನ್ ಮಾಡಿದಾಗ ಹೇಳುವ ಸುದ್ದಿಗಳಲ್ಲಿ ಒಂದು, ಮನೆಯೊಳಗೆ ವಾಷಿಂಗ್ ಮೆಷಿನ್ ಇಲ್ಲ ಎಂಬುದು. ಅಲ್ಲಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಇದು ಮಾಮೂಲು. ಇಡೀ ಕಟ್ಟಡಕ್ಕೆ ಸೇರಿ ನೆಲಮಾಳಿಗೆಯಲ್ಲೊಂದು ಲಾಂಡ್ರಿ ರೂಮ್ ಇರುತ್ತದೆ. ಗೋಡೆಗೆ ಸಾಲಾಗಿ ಮೂರು ನಾಲ್ಕು ಒಗೆಯುವ ಮೆಷಿನ್, ಎದುರಿಗೆ ಅಷ್ಟೇ ಡ್ರೈಯರ್, ಬಟ್ಟೆ ಮಡಿಸಲು ಒಂದು ಮೇಜು. ನಾಣ್ಯ ಹಾಕದೆ ಯಾವುದೂ ತಿರುಗುವುದಿಲ್ಲ.

ಆ ನಾಣ್ಯದ ಹೆಸರು ಕ್ವಾರ್ಟರ್, 25 ಸೆಂಟು. ನಮ್ಮ ಮಾತಿನಲ್ಲಿ ಹೇಳುವುದಾದರೆ ಡಾಲರಿನ ನಾಲ್ಕಾಣೆ. ಭಾರತದ ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಯಿತು. ಅಲ್ಲಿ ಇಂದಿಗೂ ಅದನ್ನು ಡಬ್ಬಿಯಲ್ಲಿ ಕೂಡಿಡುತ್ತಾರೆ. ಬ್ಯಾಂಕಿನಲ್ಲಿ 10 ಡಾಲರ್ ಕೊಟ್ಟರೆ ಕಾಗದದಲ್ಲಿ ಸುತ್ತಿದ 40 ಕ್ವಾರ್ಟರುಗಳ ಸುರುಳಿ ಸಿಗುತ್ತದೆ. ದರ ಕಟ್ಟಡದಿಂದ ಕಟ್ಟಡಕ್ಕೆ ಬೇರೆ. ಒಗೆಯಲು ಒಂದೂಮುಕ್ಕಾಲು ಡಾಲರ್, ಒಣಗಿಸಲು ಒಂದೂವರೆ ಎಂದಿಟ್ಟುಕೊಂಡರೆ ಒಂದು ಸರದಿಗೆ 13 ನಾಣ್ಯ ಬೇಕು. ಅಲ್ಲಿಗೆ ಒಂದು ಸುರುಳಿಯಲ್ಲಿ ಮೂರು ಸರದಿ ಮುಗಿದು ಒಂದು ನಾಣ್ಯ ಉಳಿಯುತ್ತದೆ. 2020ರಲ್ಲಿ ಕೋವಿಡ್‌ನಿಂದ ನಾಣ್ಯಗಳ ಓಡಾಟ ನಿಧಾನವಾಗಿ, ಅಲ್ಲಿನ ಫೆಡರಲ್ ರಿಸರ್ವ್ ಬ್ಯಾಂಕುಗಳಿಗೆ ಕೊಡುವ ನಾಣ್ಯಕ್ಕೇ ಮಿತಿ ಹಾಕಬೇಕಾಯಿತು. ಈಗ ಅನೇಕ ಕಟ್ಟಡಗಳಲ್ಲಿ ಕಾರ್ಡು, ಮೊಬೈಲ್ ಆ್ಯಪ್ ಬಂದಿವೆ. ಆದರೂ ನಾಣ್ಯದ ಮೆಷಿನ್‌ಗಳು ಸಾಕಷ್ಟು ಉಳಿದಿವೆ.

ಹಳೆಯ ಮೆಷಿನ್‌ನಲ್ಲಿ ನಾಣ್ಯ ನಿಲ್ಲಿಸುವ ಸಾಲು ಸೀಳುಗಳಿರುವ ಒಂದು ಹಿಡಿ ಇರುತ್ತದೆ. ಎಲ್ಲ ಸೀಳುಗಳೂ ತುಂಬಿದ ಮೇಲೆ ಅದನ್ನು ಪೂರ್ತಿ ಒಳಕ್ಕೆ ದೂಡಿ ಹೊರಕ್ಕೆ ಎಳೆಯಬೇಕು. ಸಿಕ್ಕಿಕೊಂಡರೆ ಬಲವಂತ ಮಾಡಬಾರದು, ಬಾಗಿದ ನಾಣ್ಯ ಇನ್ನಷ್ಟು ಬಿಗಿಯುತ್ತದೆ. ಈ ಮೆಷಿನ್‌ಗಳು ಬಹಳ ಕಡೆ ಕಟ್ಟಡದ ಮಾಲೀಕರವಲ್ಲ, ಗುತ್ತಿಗೆಗೆ ತಂದಿಟ್ಟ ಕಂಪನಿಯವು. ಮೆಷಿನ್‌ಗೆ ಅಂಟಿಸಿದ ಚೀಟಿಯಲ್ಲಿ ಅದರ ಸಂಖ್ಯೆ, ಕಂಪನಿಯ ಫೋನ್ ನಂಬರ್ ಎರಡೂ ಇರುತ್ತವೆ. ಫೋನ್ ಮಾಡಿ ಆ ಸಂಖ್ಯೆ ಹೇಳಿದರೆ ರಿಪೇರಿಗೆ ಬರುತ್ತಾರೆ, ನುಂಗಿಹೋದ ದುಡ್ಡನ್ನೂ ಕೇಳಬಹುದು.

ಜಗಳಗಳೆಲ್ಲ ಹುಟ್ಟುವುದು ಹೊತ್ತಿನ ಲೆಕ್ಕದಲ್ಲಿ. ಇಂಥ ಮೆಷಿನ್ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಒಗೆದು, ಜಾಲಿಸಿ, ಹಿಂಡಿ ಮುಗಿಸುತ್ತದೆ. ಡ್ರೈಯರ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಮೂರು ಮೆಷಿನ್, ಮೂರು ಡ್ರೈಯರ್ ಇರುವ ಕಟ್ಟಡ, ಭಾನುವಾರ ಬೆಳಿಗ್ಗೆ 10 ಗಂಟೆ ಎಂದುಕೊಳ್ಳೋಣ. ಒಗೆತಕ್ಕೆ 32 ನಿಮಿಷ, ಒಣಗಲು 45. ಮೊದಲ ಮೂವರ ಬಟ್ಟೆ 10:32ಕ್ಕೆ ಡ್ರೈಯರ್ ಸೇರುತ್ತದೆ, 11:17ಕ್ಕೆ ಹೊರಬರುತ್ತದೆ. 10:32ಕ್ಕೆ ಶುರು ಮಾಡಿದ ಎರಡನೆಯ ತಂಡದ ಒಗೆತ 11:04ಕ್ಕೇ ಮುಗಿದರೂ ಡ್ರೈಯರ್ ಖಾಲಿಯಿಲ್ಲ. ಹದಿಮೂರು ನಿಮಿಷ ಒದ್ದೆ ಬಟ್ಟೆ ಮೆಷಿನ್‌ನಲ್ಲೇ ಕೂರುತ್ತದೆ. ಹಾಗಾಗಿ ಮೂರನೆಯ ತಂಡ ಶುರು ಮಾಡುವುದೂ 11:17ಕ್ಕೇ. ಈಗ ಮೊದಲ ತಂಡದ ಒಬ್ಬರು ಒಣಗಿದ ಬಟ್ಟೆ ಒಯ್ಯಲು ಇಪ್ಪತ್ತು ನಿಮಿಷ ತಡ ಮಾಡಿದರೆ, ಅವರ ಹಿಂದಿನ ಇಬ್ಬರಿಗೂ ಅಷ್ಟೇ ತಡ. ಆದ್ದರಿಂದಲೇ ಬಲ್ಲವರು ಒಗೆಯುವ ಮೆಷಿನ್ ಖಾಲಿಯಿದೆಯೇ ಎಂದು ನೋಡುವ ಮೊದಲು ಡ್ರೈಯರ್‌ಗಳ ಮೇಲೆ ಉಳಿದ ನಿಮಿಷಗಳನ್ನು ಓದುತ್ತಾರೆ. ಮೊಬೈಲ್‌ನಲ್ಲಿ 30 ನಿಮಿಷಕ್ಕೆ ಅಲಾರಾಂ ಇಟ್ಟು ಮೇಲೆ ಹೋಗುತ್ತಾರೆ.

ಮುಗಿದ ಮೆಷಿನ್‌ನಲ್ಲಿ ಬೇರೆಯವರ ಬಟ್ಟೆ ಹಾಗೇ ಇದ್ದರೆ? ಹತ್ತು ನಿಮಿಷ ಕಾಯುವುದು ಮರ್ಯಾದೆ. ಆಮೇಲೂ ಯಾರೂ ಬರದಿದ್ದರೆ ಶುಭ್ರವಾದ ಕೈಯಿಂದ ತೆಗೆದು, ಅವರ ಬುಟ್ಟಿ ಅಲ್ಲೇ ಇದ್ದರೆ ಅದರೊಳಗೆ, ಇಲ್ಲವೇ ಮೆಷಿನ್‌ನ ಮೇಲೆ ಇಡಬಹುದು. ನೆಲದ ಮೇಲೆ ಎಂದಿಗೂ ಇಡಬಾರದು. ಉಪಕಾರವೆಂದುಕೊಂಡು ಡ್ರೈಯರ್‌ಗೆ ಹಾಕುವುದಂತೂ ದೊಡ್ಡ ತಪ್ಪು. ಆ ರಾಶಿಯಲ್ಲಿ ಬಿಸಿ ತಾಗಬಾರದ ಬಟ್ಟೆ ಏನಿದೆಯೋ ಒಡೆಯರಿಗೆ ಮಾತ್ರ ಗೊತ್ತು.

ಊರಿನಿಂದ ಒಯ್ದ ಬಟ್ಟೆಗಳ ವಿಷಯದಲ್ಲಿ ಈ ಮಾತು ಇನ್ನೂ ಸತ್ಯ. ಡ್ರೈಯರ್‌ನ ‘ಹೈ’ ಇರುವುದು ದಪ್ಪ ಟವೆಲ್, ಹಾಸಿಗೆ ಬಟ್ಟೆ, ಜೀನ್ಸ್‌ಗೆ. ‘ಮೀಡಿಯಂ’ ಅಥವಾ ‘ಪರ್ಮನೆಂಟ್ ಪ್ರೆಸ್’ ಎಂಬುದು ಪಾಲಿಯೆಸ್ಟರ್ ಬೆರೆತ ಶರ್ಟು, ಪ್ಯಾಂಟಿಗೆ. ಅದರ ಕೊನೆಯ ನಿಮಿಷಗಳಲ್ಲಿ ಬಿಸಿಯಿಲ್ಲದ ಗಾಳಿ ಬೀಸಿ ಸುಕ್ಕು ಕಡಿಮೆಯಾಗುತ್ತದೆ. ‘ಲೋ’ ಅಥವಾ ‘ಡೆಲಿಕೇಟ್’ ತೆಳು ಬಟ್ಟೆಗೆ, ಎಲಾಸ್ಟಿಕ್ ಇರುವುದಕ್ಕೆ. ಹಾಕುವ ದುಡ್ಡು ಮೂರಕ್ಕೂ ಒಂದೇ ಆದ್ದರಿಂದ ಎಲ್ಲರ ಬೆರಳೂ ‘ಹೈ’ ಕಡೆಗೆ ಹೋಗುತ್ತದೆ. ಖಾದಿ ಜುಬ್ಬಾ ಗಿಡ್ಡವಾಗುವುದು ಹೀಗೆ. ರೇಷ್ಮೆ, ಜರಿ, ಉಣ್ಣೆ ಯಾವ ಗುಂಡಿಗೂ ಸೇರಿದ್ದಲ್ಲ, ಡ್ರೈಯರ್‌ನ ಹೊರಗೇ ಒಣಗಬೇಕು. ಬಾಲ್ಕನಿಯಲ್ಲಿ ಬಟ್ಟೆ ಹರವಲು ಎಷ್ಟೋ ಕಟ್ಟಡಗಳ ಬಾಡಿಗೆ ಕರಾರು ಒಪ್ಪುವುದಿಲ್ಲ. ಕೋಣೆಯೊಳಗೆ ಮಡಚುವ ಸ್ಟ್ಯಾಂಡ್ ಒಂದಿದ್ದರೆ ಸಾಕು. ಇನ್ನು ಪಂಚೆ, ಹತ್ತಿ ಸೀರೆಯಂಥ ಉದ್ದ ಬಟ್ಟೆಗಳು ತಿರುಗಿ ತಿರುಗಿ ಹಗ್ಗವಾಗಿ, ಹೊರಗೆ ಒಣಗಿ ಒಳಗೆ ಒದ್ದೆ ಉಳಿಯುತ್ತವೆ. ಅರ್ಧ ಹೊತ್ತಿಗೆ ಬಾಗಿಲು ತೆರೆದು ಕೊಡವಿ ಹಾಕಿದರೆ ಇನ್ನೊಮ್ಮೆ ನಾಣ್ಯ ತುಂಬುವುದು ತಪ್ಪುತ್ತದೆ.

ನಾಣ್ಯ ಕಳೆಯುವ ಇನ್ನೊಂದು ದಾರಿ ಸೋಪು. ಮುಂದೆ ಬಾಗಿಲಿರುವ ಮೆಷಿನ್ ನೀರು ಕಡಿಮೆ ಬಳಸುತ್ತದೆ. ಅದಕ್ಕೆ ಕಡಿಮೆ ನೊರೆಯ, ಡಬ್ಬಿಯ ಮೇಲೆ HE ಎಂದು ಬರೆದ ಸೋಪು ಬೇಕು. ಎರಡು ದೊಡ್ಡ ಚಮಚದಷ್ಟು ಸಾಕು. ಹೆಚ್ಚಾದರೆ ನೊರೆ ಡ್ರಮ್ಮಿಗೆ ತಡೆಯಾಗಿ ಹಿಂಡುವುದು ಅರೆಬರೆಯಾಗುತ್ತದೆ. ಕೊನೆಯಲ್ಲೂ ಬಾಗಿಲ ಗಾಜಿಗೆ ನೊರೆ ಅಂಟಿದ್ದರೆ, ತೆಗೆದ ಬಟ್ಟೆಯಿಂದ ನೀರು ತೊಟ್ಟಿಕ್ಕಿದರೆ ಕಾರಣ ಬಹುಪಾಲು ಇದೇ. ಅಷ್ಟು ನೀರು ಹೊತ್ತ ಬಟ್ಟೆ 45 ನಿಮಿಷದಲ್ಲಿ ಒಣಗುವುದಿಲ್ಲ.

ಡ್ರೈಯರ್ ಬಾಗಿಲ ಬಳಿ ಒಂದು ಜಾಲರಿ ಇರುತ್ತದೆ. ಬಟ್ಟೆಯಿಂದ ಉದುರಿದ ಜುಂಗು ಅಲ್ಲಿ ಬೂದು ಬಣ್ಣದ ಹಾಸಿನಂತೆ ಕಟ್ಟುತ್ತದೆ. ಹಾಕುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಅದನ್ನು ಬೆರಳಿಂದ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು. ಜಾಲರಿ ಕಟ್ಟಿಕೊಂಡರೆ ಗಾಳಿ ಹೋಗದೆ ಬಟ್ಟೆ ಒಣಗುವುದಿಲ್ಲ, ಜುಂಗಿಗೆ ಬೆಂಕಿಯೂ ತಗಲುತ್ತದೆ. ಮನೆಗಳಲ್ಲಿ ಡ್ರೈಯರ್‌ನಿಂದ ಏಳುವ ಬೆಂಕಿಗೆ ಶುಚಿ ಮಾಡದಿರುವುದೇ ಮೊದಲ ಕಾರಣವೆಂದು ಅಮೆರಿಕದ ಅಗ್ನಿಶಾಮಕ ಆಡಳಿತ ಹೇಳುತ್ತದೆ.

ನಮ್ಮವರು ವಿಶೇಷವಾಗಿ ನೆನಪಿಡಬೇಕಾದದ್ದು ಎಣ್ಣೆ. ಅಡುಗೆ ಎಣ್ಣೆ ಒರೆಸಿದ ಬಟ್ಟೆ, ದೀಪಾವಳಿಯ ಅಭ್ಯಂಜನದ ಟವೆಲ್ ಒಗೆದ ಮೇಲೂ ಸ್ವಲ್ಪ ಎಣ್ಣೆ ಹಿಡಿದುಕೊಂಡಿರುತ್ತವೆ. ಡ್ರೈಯರ್‌ನ ಬಿಸಿಗೆ ಆ ಎಣ್ಣೆ ಗಾಳಿಯೊಡನೆ ಕೂಡಿ ತಾನೇ ಕಾವು ಹುಟ್ಟಿಸುತ್ತದೆ. ಬಿಸಿ ಬಟ್ಟೆ ರಾಶಿಯಾಗಿ ಬಿದ್ದಿದ್ದರೆ ಆ ಕಾವಿಗೆ ಹೊರಹೋಗಲು ದಾರಿಯಿಲ್ಲ. ಮೆಷಿನ್ ನಿಂತ ಮೇಲೂ ರಾಶಿ ಹೊತ್ತಿಕೊಳ್ಳಬಹುದು. ಎಣ್ಣೆ ತಾಗಿದ ಬಟ್ಟೆ ಹಾಕಬೇಡಿ ಎಂಬ ಎಚ್ಚರಿಕೆ ಅನೇಕ ಡ್ರೈಯರ್‌ಗಳ ಮೇಲೇ ಬರೆದಿರುತ್ತದೆ. ಮೇಲಿನ ಮಹಡಿಗಳಲ್ಲಿ ಹತ್ತಾರು ಮನೆಯವರು ಮಲಗಿರುತ್ತಾರೆ. ಎಣ್ಣೆಸ್ನಾನದ ಟವೆಲ್ಲನ್ನು ಮನೆಯೊಳಗಿನ ಸ್ಟ್ಯಾಂಡಿನ ಮೇಲೆ ಹರವಿ ಒಣಗಿಸಿ.