ಬೆಳಗಿನ ಎಂಟು ಸಾಲು: ವಾಟ್ಸಾಪ್ ಬಳಗಕ್ಕೆ ದಿನದ ಧ್ಯಾನ

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಹೆರ್ನ್‌ಹುಟ್ ಎಂಬ ಚಿಕ್ಕ ಊರಿದೆ. ಮೊರಾವಿಯಾದಿಂದ ನೆಲೆ ತಪ್ಪಿ ಬಂದ ಕ್ರೈಸ್ತರು ಅಲ್ಲಿ ಬಡಗಿ, ನೇಕಾರ ಮುಂತಾದ ಕಸುಬು ಮಾಡಿಕೊಂಡು ನೆಲೆಸಿದ್ದರು. ಅವರಿಗೆ ಜಾಗ ಕೊಟ್ಟವನು ಜಿನ್ಜೆಂಡಾರ್ಫ್ ಎಂಬ ಶ್ರೀಮಂತ. 1728ರ ಮೇ 3ರ ಸಂಜೆಯ ಸಭೆಯಲ್ಲಿ ಆತ ಮರುದಿನಕ್ಕೆಂದು ಒಂದು ಪುಟ್ಟ ವಾಕ್ಯವನ್ನು ಕೊಟ್ಟ. ಅಂದಿನಿಂದ ದಿನಕ್ಕೊಂದು ವಾಕ್ಯವನ್ನು ಊರಿನ ಮನೆಮನೆಗೆ ಮುಟ್ಟಿಸುವ ಪದ್ಧತಿ ಬೆಳೆಯಿತು. ಆಗ ಇದ್ದದ್ದು 32 ಮನೆಗಳು. ವಾಕ್ಯ ಒಯ್ದವರು ಮನೆಯವರೊಡನೆ ಅದರ ಬಗ್ಗೆ ನಾಲ್ಕು ಮಾತನಾಡಿ ಬರುತ್ತಿದ್ದರು. 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತಿದ್ದು, ಇಂದಿಗೂ ನಿಂತಿಲ್ಲ.

ಇಂದು ನಮ್ಮ ಊರುಗಳ ಸಭೆಗಳಲ್ಲಿ ಈ ಕೆಲಸವನ್ನು ವಾಟ್ಸಾಪ್ ಮಾಡುತ್ತಿದೆ. ರಾತ್ರಿ ಪಾಳಿ ಮುಗಿಸಿದ ನರ್ಸ್, ಐದೂವರೆಗೆ ಡಿಪೋ ಸೇರಬೇಕಾದ ಬಸ್ ಚಾಲಕ, ಡಬ್ಬಿ ಕಟ್ಟುತ್ತಿರುವ ತಾಯಿ, ಪರೀಕ್ಷೆ ಹತ್ತಿರವಾದ ಪಿಯುಸಿ ವಿದ್ಯಾರ್ಥಿ ಇವರೆಲ್ಲ ಒಂದೇ ಬಳಗದಲ್ಲಿರುತ್ತಾರೆ. ಅವರಿಗೆ ಬೆಳಗ್ಗೆ ಒಂದು ಕಿರು ಧ್ಯಾನ ಬರೆದು ಕಳಿಸುವ ಹೊಣೆ ಸಾಮಾನ್ಯವಾಗಿ ಸಭಾಪಾಲಕರ ಮೇಲೋ, ಒಬ್ಬ ಹಿರಿಯರ ಮೇಲೋ, ಈಚೆಗೆ ಯುವಕ ಸಂಘದ ಹುಡುಗ ಹುಡುಗಿಯರ ಮೇಲೋ ಬೀಳುತ್ತದೆ. ಕೆಲಸ ಸಣ್ಣದೆಂದು ಕಾಣುತ್ತದೆ. ಆದರೆ ಅರ್ಧ ಗಂಟೆಯ ಪ್ರಸಂಗದಲ್ಲಿ ಒಂದು ವಾಕ್ಯ ತಪ್ಪಿದರೆ ಮುಂದಿನ ವಾಕ್ಯದಲ್ಲಿ ಸರಿಪಡಿಸಬಹುದು. ಎಂಟು ಸಾಲಿನ ಬರಹದಲ್ಲಿ ಅದಕ್ಕೆ ಜಾಗವಿಲ್ಲ.

ಒಂದು ಉದಾಹರಣೆಯನ್ನೇ ನೋಡೋಣ. ಬಿಡುವಿಲ್ಲದವರಿಗೆ ಬರೆಯಬೇಕೆಂದಾಗ ಬಹುತೇಕರಿಗೆ ಮೊದಲು ನೆನಪಾಗುವುದು ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದ 31ನೆಯ ವಚನ. ಹೋಗಿಬರುವ ಜನರ ಗದ್ದಲದಲ್ಲಿ ಶಿಷ್ಯರಿಗೆ ಊಟಕ್ಕೂ ಸಮಯವಿರಲಿಲ್ಲ; ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಯೇಸು ಅವರನ್ನು ಕರೆದ. ಇಷ್ಟನ್ನೇ ಇಟ್ಟುಕೊಂಡು ಬರೆದರೆ ಧ್ಯಾನ ತಾನಾಗಿಯೇ ಹೊರಡುತ್ತದೆ: ದೇವರೇ ವಿಶ್ರಾಂತಿಗೆ ಕರೆಯುತ್ತಿದ್ದಾನೆ, ಆದ್ದರಿಂದ ಇಂದು ಕೆಲಸ ಬದಿಗಿಟ್ಟು ಅರ್ಧ ಗಂಟೆ ಏಕಾಂತದಲ್ಲಿ ಕುಳಿತುಕೊಳ್ಳಿ.

ಕೇಳಲು ಚೆನ್ನಾಗಿದೆ. ಆದರೆ ಎರಡು ಪಾಳಿ ಒಟ್ಟಿಗೆ ಮಾಡಿದ ನರ್ಸ್ ಇದನ್ನು ಓದಿದರೆ ಏನಾಗುತ್ತದೆ? ಆಕೆಗೆ ಅರ್ಧ ಗಂಟೆ ಇಲ್ಲವೇ ಇಲ್ಲ. ಸಮಾಧಾನಕ್ಕೆಂದು ಕಳಿಸಿದ ಮಾತು ಆಕೆ ಮಾಡಲಾಗದ ಇನ್ನೊಂದು ಕೆಲಸವಾಗಿ ನಿಲ್ಲುತ್ತದೆ, ಜೊತೆಗೆ ದೇವರ ಕರೆಗೆ ಓಗೊಡಲಿಲ್ಲವೆಂಬ ಅಳುಕು ಬೇರೆ. ಇಂಥ ಧ್ಯಾನ ಬರೆಯುವವರು ಮಾಡುವ ಅತಿ ಸಾಮಾನ್ಯ ತಪ್ಪು ಇದೇ.

ತಪ್ಪಿನ ಮೂಲ ಬರಹಗಾರನ ಶೈಲಿಯಲ್ಲಿಲ್ಲ, ಓದಿನಲ್ಲಿದೆ. ಸತ್ಯವೇದವನ್ನು ಮುಚ್ಚದೆ ಇನ್ನು ಮೂರು ವಚನ ಮುಂದಕ್ಕೆ ಓದಿದರೆ ಕಥೆಯೇ ಬೇರೆ. ಅವರು ದೋಣಿ ಹತ್ತುತ್ತಾರೆ. ಜನ ಅದನ್ನು ಕಂಡು ಊರೂರುಗಳಿಂದ ಕಾಲ್ನಡೆಯಲ್ಲಿ ಓಡಿ, ದೋಣಿಗಿಂತ ಮೊದಲೇ ಅಲ್ಲಿಗೆ ಬಂದು ಸೇರುತ್ತಾರೆ. ಅಂದರೆ ಆ ವಿಶ್ರಾಂತಿ ಶಿಷ್ಯರಿಗೆ ದಕ್ಕಲೇ ಇಲ್ಲ, ದೋಣಿಯಲ್ಲಿ ಸಿಕ್ಕಿದ್ದಷ್ಟೇ. ಯೇಸು ಕಾದಿದ್ದ ಜನರ ಮೇಲೆ ರೇಗದೆ ಕನಿಕರಪಟ್ಟ. ಹಿಂದಕ್ಕೆ ಓದಿದರೂ ಒಂದು ವಿಷಯ ಸಿಗುತ್ತದೆ. ಸರಿಯಾಗಿ 29ನೆಯ ವಚನದಲ್ಲಿ, ಕೊಲೆಯಾದ ಸ್ನಾನಿಕ ಯೋಹಾನನ ದೇಹವನ್ನು ಅವನ ಶಿಷ್ಯರು ಸಮಾಧಿ ಮಾಡುತ್ತಾರೆ. ಗದ್ದಲದ ಜೊತೆಗೆ ದುಃಖವೂ ಇದ್ದ ಹೊತ್ತು ಅದು. ಒಂದು ವಚನ ಆರಿಸಿಕೊಂಡವರು ಅದರ ಹಿಂದೆ ಮುಂದೆ ಕನಿಷ್ಠ ಐದೈದು ವಚನ ಓದಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಇಷ್ಟು ತಿಳಿದ ಮೇಲೆ ಬರಹ ಹೀಗೆ ಬದಲಾಗುತ್ತದೆ:

*ಊಟಕ್ಕೂ ಬಿಡುವಿಲ್ಲದ ದಿನ* ಮಾರ್ಕ 6:30-34
ಶಿಷ್ಯರು ದಣಿದಿದ್ದರು. ವಿಶ್ರಾಂತಿಗೆ ಕರೆದವನು ಯೇಸುವೇ. ಆದರೆ ದೋಣಿ ದಡ ಮುಟ್ಟುವ ಮೊದಲೇ ಜನ ಅಲ್ಲಿ ಕಾದಿದ್ದರು. ಆತ ಅವರ ಮೇಲೆ ಕನಿಕರಪಟ್ಟನು. ಇಂದು ನಿಮ್ಮ ಬಿಡುವೂ ಹೀಗೆ ಕೈತಪ್ಪಬಹುದು. ಅದು ನಿಮ್ಮ ತಪ್ಪಲ್ಲ. ನೀವು ದಣಿದಿದ್ದೀರೆಂದು ಆತನು ಬಲ್ಲನು.
ಪ್ರಾರ್ಥನೆ: ಕರ್ತನೇ, ಈ ದಿನ ದೋಣಿಯಲ್ಲಿ ಕೂತಷ್ಟು ಹೊತ್ತೇ ಬಿಡುವು ಸಿಕ್ಕರೂ, ಅದು ನೀನು ಕೊಟ್ಟದ್ದೆಂದು ತೆಗೆದುಕೊಳ್ಳುತ್ತೇವೆ. ಆಮೆನ್.

ಒಂದು ನಿಮಿಷದೊಳಗೆ ಓದಿ ಮುಗಿಯುತ್ತದೆ. ಇದರಲ್ಲಿ ಉಪದೇಶವಿಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿಯಿಲ್ಲ. ಒಂದೇ ಚಿತ್ರವಿದೆ, ದೋಣಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಮಧ್ಯಾಹ್ನ ಅದು ನೆನಪಾದೀತು. ಎರಡು ಚಿತ್ರ ತುರುಕಿದರೆ ಎರಡೂ ಮರೆಯುತ್ತವೆ.

ಮೊದಲ ಸಾಲಿನ ವಿಚಾರದಲ್ಲಿ ಮೊಬೈಲಿನ ಗುಣವನ್ನೂ ತಿಳಿದಿರಬೇಕು. ಸಂದೇಶ ಬಂದಾಗ ಪರದೆಯ ಮೇಲೆ ಕಾಣಿಸುವುದು ಅದರ ಆರಂಭದ ಕೆಲವು ಪದಗಳು ಮಾತ್ರ. 'ಕರ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ, ನಿಮಗೆಲ್ಲರಿಗೂ ಶುಭೋದಯದ ವಂದನೆಗಳು' ಎಂದು ತೊಡಗಿದರೆ ಆ ಜಾಗವೆಲ್ಲ ವಂದನೆಗೇ ಮುಗಿಯಿತು. ದಿನವೂ ಒಂದೇ ಆರಂಭವಾದ್ದರಿಂದ ನಿನ್ನೆಯದೇ ಮತ್ತೆ ಬಂದಂತೆ ಕಾಣುತ್ತದೆ. ಇನ್ನು ಬರಹ ಉದ್ದವಾದರೆ ವಾಟ್ಸಾಪ್ ಅದನ್ನು ಕತ್ತರಿಸಿ ಕೆಳಗೆ 'Read more' ಎಂದು ತೋರಿಸುತ್ತದೆ. ಅವಸರದಲ್ಲಿರುವವರು ಅದನ್ನು ಒತ್ತುವುದು ಅಪರೂಪ. ಪ್ರಾರ್ಥನೆ ಅದರ ಕೆಳಗೆ ಸಿಕ್ಕಿಬಿದ್ದರೆ ಬರೆದೂ ವ್ಯರ್ಥ. ಶೀರ್ಷಿಕೆಯ ಎರಡು ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದು ದಪ್ಪ ಅಕ್ಷರವಾಗಿ ಕಾಣುತ್ತದೆ. ಮೇಲಿನ ಮಾದರಿಯಲ್ಲಿರುವ ಚಿಹ್ನೆಗಳು ಅದಕ್ಕಾಗಿಯೇ. ಹೂವು, ಸೂರ್ಯೋದಯದ ಚಿತ್ರ ಬೇಕಿಲ್ಲ.

ಪ್ರಾರ್ಥನೆಯನ್ನು ಬರೆಯುವಾಗ ಒಂದು ಎಚ್ಚರಿಕೆ ಮುಖ್ಯ. ಬಳಗದ ಸದಸ್ಯರೊಬ್ಬರ ಕಾಯಿಲೆ, ಮಗಳ ಮದುವೆಯ ತೊಡಕು, ಸಾಲ ಇವುಗಳನ್ನು ಅವರ ಒಪ್ಪಿಗೆಯಿಲ್ಲದೆ ಹೆಸರಿಸಿ ಪ್ರಾರ್ಥಿಸಬಾರದು. ಅಂಥ ಸಾಲು ಒಂದೇ ಬೆರಳಿನಿಂದ ಇನ್ನೊಂದು ಬಳಗಕ್ಕೆ ದಾಟುತ್ತದೆ. ಹೆಸರು ಬಿಟ್ಟು 'ಆಸ್ಪತ್ರೆಯಲ್ಲಿರುವವರಿಗಾಗಿ' ಎಂದರೆ ಸಾಕು.

ಬರಹ ಮುಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ನೀಲಿ ಗೆರೆಗಳು ಸಂದೇಶ ತೆರೆದದ್ದನ್ನು ಹೇಳುತ್ತವೆ, ಓದಿದ್ದನ್ನಲ್ಲ. ಕಳಿಸಿದ ಮೂರು ಸೆಕೆಂಡಿಗೆ ಬಂದ 'ಆಮೆನ್' ಕೂಡ ಸಾಕ್ಷಿಯಾಗದು. ಸಂಜೆ ಮನೆಯಲ್ಲೇ ಒಬ್ಬರನ್ನು, ತಮ್ಮನನ್ನೋ ಚಿಕ್ಕಮ್ಮನನ್ನೋ, 'ಬೆಳಗ್ಗೆ ಏನಿತ್ತು?' ಎಂದು ಕೇಳುವುದು ಉತ್ತಮ ಪರೀಕ್ಷೆ. 'ದೋಣಿ' ಎಂದರೆ ಗೆದ್ದಂತೆ. 'ಏನೋ ಚೆನ್ನಾಗಿತ್ತಪ್ಪ' ಎಂದರೆ ನಾಳೆ ಇನ್ನೂ ಎರಡು ಸಾಲು ಕಡಿಮೆ ಮಾಡಬೇಕು.

ಅನೇಕರು ಭಾನುವಾರ ಕುಳಿತು ವಾರಕ್ಕಾಗುವಷ್ಟು ಒಮ್ಮೆಗೇ ಬರೆದಿಡುತ್ತಾರೆ. ಅನುಕೂಲವೇ, ಆದರೆ ಕಳಿಸುವ ಮುನ್ನ ಆ ದಿನ ಬಳಗದಲ್ಲಿ ಏನಾಗಿದೆಯೆಂದು ನೋಡಲೇಬೇಕು. ಸದಸ್ಯರೊಬ್ಬರ ಮನೆಯಲ್ಲಿ ರಾತ್ರಿ ಸಾವಾಗಿದ್ದರೆ, ಹಿಂದಿನ ಭಾನುವಾರ ಬರೆದ 'ಸಂತೋಷದಿಂದ ಎದ್ದೇಳೋಣ' ಎಂಬ ಧ್ಯಾನವನ್ನು ತಡೆಹಿಡಿಯಬೇಕು. ಆ ಬೆಳಗ್ಗೆ ಒಂದು ಕೀರ್ತನೆಯ ಸಂಖ್ಯೆ, ಅಂತ್ಯಕ್ರಿಯೆಯ ಸಮಯ, ಸಭೆಯಿಂದ ಹೊರಡುವ ವಾಹನದ ವಿವರ ಇಷ್ಟೇ ಕಳಿಸಿದರೂ ಆಯಿತು.